ಮೊದಲ ತುತ್ತು ಏಳು ಗಂಟೆಗೆ

ತಮಿಳುನಾಡಿನ ಸಿರುಮುಗೈಯ ಬಸ್ ನಿಲ್ದಾಣದ ಹಿಂದೆ ಒಬ್ಬ ಹಿರಿಯ ಡಾಕ್ಟರ ಕ್ಲಿನಿಕ್ ಇತ್ತು. ಅದರ ಹಿಂಬದಿಯ ಕೋಣೆಯಲ್ಲಿ ನಾನು ಎರಡು ವರ್ಷ ರಕ್ತ, ಮೂತ್ರ ಪರೀಕ್ಷೆ ಮಾಡುತ್ತಿದ್ದೆ. ಜೀವರಸಾಯನಶಾಸ್ತ್ರ ಓದಿ ಮುಗಿಸಿದ ಮೇಲೆ ಸಿಕ್ಕಿದ ಮೊದಲ ಕೆಲಸ. ಕೋಣೆಯಲ್ಲಿ ಒಂದು ಬೆಂಚು, ಕೈಯಿಂದ ತಿರುಗಿಸುವ ಸೆಂಟ್ರಿಫ್ಯೂಜ್, ಬಣ್ಣ ಅಳೆಯುವ ಒಂದು ಹಳೆಯ ಯಂತ್ರ, ನೀರು ಕುದಿಸುವ ಒಂದು ಪಾತ್ರೆ ಇದ್ದವು. ಕಿಟಕಿ ಯಾವಾಗಲೂ ತೆರೆದಿರಬೇಕಿತ್ತು. ಸಕ್ಕರೆ ಪರೀಕ್ಷೆಗೆ ಬಳಸುತ್ತಿದ್ದ ದ್ರಾವಣದಲ್ಲಿ ಗಾಢವಾದ ಅಸಿಟಿಕ್ ಆಮ್ಲ ಇರುತ್ತಿದ್ದುದರಿಂದ, ಅದನ್ನು ಕುದಿಸಿದಾಗ ಇಡೀ ಕೋಣೆ ಹುಳಿ ವಾಸನೆಯಿಂದ ತುಂಬಿಹೋಗುತ್ತಿತ್ತು. ಸಂಜೆ ಮೇಟ್ಟುಪಾಳ್ಯದ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ನನ್ನ ಸೀರೆಯನ್ನು ಮೂಸಿ, ಉಪ್ಪಿನಕಾಯಿ ವ್ಯಾಪಾರವೇ ಎಂದು ಕೇಳಿದ್ದೂ ಉಂಟು. ಅಲ್ಲ ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗುತ್ತಿದ್ದೆ.

ಸಕ್ಕರೆ ಕಾಯಿಲೆಯವರು ಬೆಳಿಗ್ಗೆ ಆರೂವರೆಗೆ ಬರಿಹೊಟ್ಟೆಯಲ್ಲಿ ಬಂದು ರಕ್ತ ಕೊಟ್ಟು, ಮನೆಗೆ ಹೋಗಿ ತಿಂದು, ಎರಡು ಗಂಟೆಯ ನಂತರ ಮತ್ತೆ ಬಂದು ಕೊಡಬೇಕು. ಎರಡು ಗಂಟೆ ಎಂದರೆ ಯಾವಾಗಿನಿಂದ ಎಂಬುದೇ ನನ್ನ ಮೊದಲ ತಿಂಗಳ ತಲೆನೋವಾಗಿತ್ತು. ಕೆಲವರು ಕೈ ತೊಳೆದ ಹೊತ್ತಿನಿಂದ ಎಣಿಸುತ್ತಿದ್ದರು. ಕೆಲವರು ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ. ಎಲೆ ಅಡಿಕೆ ಹಾಕಿಕೊಂಡು ಉಗಿದ ಮೇಲೆ ಎಣಿಸುವವರೂ ಇದ್ದರು. ತೋಟದ ಮನೆಯ ಒಬ್ಬ ಗೌಡತಿ ಮೊಮ್ಮಕ್ಕಳಿಗೆ ತಿನ್ನಿಸುತ್ತಾ ತಾನೂ ತಿನ್ನುತ್ತಾ ಮುಕ್ಕಾಲು ಗಂಟೆ ಕಳೆದು, ಅಲ್ಲಿಂದ ಎರಡು ಗಂಟೆ ಎಣಿಸಿ ಬರುತ್ತಿದ್ದರು. ಅವರ ಫಲಿತಾಂಶ ಯಾವಾಗಲೂ ಚೆನ್ನಾಗಿರುತ್ತಿತ್ತು. ಚೆನ್ನಾಗಿರದೆ ಏನು? ಅಷ್ಟು ಹೊತ್ತಿಗೆ ಏರಿದ್ದೆಲ್ಲ ಇಳಿದು ತಣ್ಣಗಾಗಿರುತ್ತಿತ್ತು.

ದೇಹ ನಾವು ಕೈ ತೊಳೆಯುವುದನ್ನು ಕಾಯುವುದಿಲ್ಲ. ತಿನ್ನಲು ತೊಡಗಿದ ಹತ್ತು ನಿಮಿಷಕ್ಕೆಲ್ಲ ರಕ್ತದಲ್ಲಿ ಸಕ್ಕರೆ ಏರತೊಡಗುತ್ತದೆ. ಒಂದು ಗಂಟೆಯ ಆಸುಪಾಸಿನಲ್ಲಿ ತುದಿ ಮುಟ್ಟುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಸ್ವಲ್ಪ ತಡವಾಗಿ, ಒಂದೂವರೆ ಗಂಟೆಯವರೆಗೂ ಹೋಗಬಹುದು. ಆಮೇಲೆ ಇಳಿಯುತ್ತದೆ. ಎರಡು ಗಂಟೆಗೆ ಎಷ್ಟು ಇಳಿದಿದೆ ಎಂಬುದೇ ಡಾಕ್ಟರಿಗೆ ಬೇಕಾದ ಸಂಗತಿ. ಕಾಲೇಜಿನ ಪ್ರಯೋಗದಲ್ಲಿ ನಾವು ನಾಲ್ವರು ಹುಡುಗಿಯರು ಗ್ಲೂಕೋಸ್ ನೀರು ಕುಡಿದು ಅರ್ಧರ್ಧ ಗಂಟೆಗೆ ರಕ್ತ ಕೊಟ್ಟಿದ್ದೆವು. ನನ್ನ ಗೆರೆ ಗ್ರಾಫ್ ಹಾಳೆಯಲ್ಲಿ ಒಂದು ಪುಟ್ಟ ಗುಡ್ಡದ ಹಾಗೆ ಎದ್ದು ಎರಡು ಗಂಟೆಗೆ ಮೊದಲಿನ ಜಾಗಕ್ಕೆ ಬಂದು ನಿಂತಿತ್ತು. ಆ ಗುಡ್ಡವನ್ನು ಅದೇ ಜಾಗದಲ್ಲಿ ನಿಂತು ನೋಡಬೇಕಾದರೆ ಹೊರಟ ಹೊತ್ತು ಎಲ್ಲರಿಗೂ ಒಂದೇ ಆಗಿರಬೇಕು. ಊಟ ಮುಗಿಯುವ ಹೊತ್ತು ಒಬ್ಬೊಬ್ಬರಿಗೆ ಒಂದೊಂದು. ತೊಡಗುವ ಹೊತ್ತು ಮಾತ್ರ ಖಚಿತ. ಹಾಗಾಗಿ ನಾನು ತಮಿಳಿನಲ್ಲಿ ಚೀಟಿಗಳನ್ನು ಬರೆದು ಎಲ್ಲರಿಗೂ ಕೊಡತೊಡಗಿದೆ: ಮೊದಲ ತುತ್ತು ಬಾಯಿಗೆ ಇಟ್ಟ ಹೊತ್ತು ಬರೆಯಿರಿ, ಅಲ್ಲಿಂದ ಸರಿಯಾಗಿ ಎರಡು ಗಂಟೆಗೆ ಇಲ್ಲಿರಿ. ಆ ಚೀಟಿಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇತ್ತು.

ಆ ಹೆಮ್ಮೆಗೆ ಪೆಟ್ಟು ಬಿದ್ದದ್ದು ಒಬ್ಬ ನೇಕಾರರಿಂದ. ಐವತ್ತು ದಾಟಿದ ಮನುಷ್ಯ, ರೇಷ್ಮೆ ಸೀರೆ ನೇಯುವವರು, ನಮ್ಮ ಹಾಗೆ ಮನೆಯಲ್ಲಿ ಕನ್ನಡ ಮಾತಾಡುವವರು. ನನಗೆ ನೆಂಟರಲ್ಲ. ಆದರೆ ಮೊದಲ ದಿನ ನನ್ನ ಬಾಯಿಂದ ಒಂದು ಕನ್ನಡ ಮಾತು ಬಿದ್ದದ್ದೇ ತಡ, "ನಮ್ಮ ಹುಡುಗಿ ಅಲ್ಲವಾ!" ಎಂದು ಎದ್ದು ನಿಂತರು. ಅಂದಿನಿಂದ ನಾನು ಅವರಿಗೆ ಅಮ್ಮಣಿ, ಅವರು ನನಗೆ ದೊಡ್ಡಪ್ಪ.

ಅವರಿಗೆ ದಿನಕ್ಕೆ ಅರ್ಧ ಮಾತ್ರೆ. ಹಿಂದಿನ ವರ್ಷ ಬೇರೆ ಊರಿನ ಯಾರೋ ಇಡೀ ಮಾತ್ರೆ ಕೊಟ್ಟಿದ್ದಾಗ ಮಗ್ಗದ ಮೇಲೆ ಕುಳಿತಲ್ಲೇ ಬೆವರಿ ಕೈ ನಡುಗಿತ್ತಂತೆ. ಸೆರಗಿನ ಅಂಚಿನ ನವಿಲೊಂದರ ಕೊಕ್ಕು ಅವತ್ತು ವಕ್ರವಾಗಿ ಬಂತು ಎಂದು ಅವರು ಆಗಾಗ ಹೇಳುತ್ತಿದ್ದರು. ನಡುಗುವ ಕೈಗೆ ಮಗ್ಗದಲ್ಲಿ ಜಾಗವಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಡಾಕ್ಟರು ಅದನ್ನು ಅರ್ಧಕ್ಕೆ ಇಳಿಸಿದ ಮೇಲೆ ಎಲ್ಲವೂ ಸರಿಯಾಗಿತ್ತು. ತಿಂಗಳಿಗೊಮ್ಮೆ ಅಮಾವಾಸ್ಯೆಯ ದಿನ, ಮಗ್ಗಕ್ಕೆ ರಜೆ ಇರುವಾಗ, ಬಂದು ರಕ್ತ ಕೊಡುತ್ತಿದ್ದರು. ಎರಡು ಗಂಟೆಯ ಸಕ್ಕರೆ ನೂರ ಐವತ್ತರ ಆಸುಪಾಸು ಬರುತ್ತಿತ್ತು. ಡಾಕ್ಟರು ತಲೆಯಾಡಿಸುತ್ತಿದ್ದರು.

ಒಂದು ಅಮಾವಾಸ್ಯೆಗೆ ಅವರು ತಿರುಪ್ಪೂರಿನಲ್ಲಿದ್ದ ಮಗಳ ಮನೆಗೆ ಹೋಗಿದ್ದರು. ಹಿಂದಿರುಗಿದ ಮೇಲೆ ಒಂದು ಕೆಲಸದ ದಿನ ಬಂದರು. ಬರಿಹೊಟ್ಟೆಯದು ನೂರ ಹನ್ನೆರಡು. ತಿಂದ ಮೇಲಿನದು ಇನ್ನೂರ ಮೂವತ್ತಾರು. ನಾನು ಎರಡು ಸಲ ಮಾಡಿ ನೋಡಿದೆ, ಅಷ್ಟೇ ಬಂತು.

"ಮಗಳ ಮನೆಯಲ್ಲಿ ಏನು ತಿಂದು ಬಂದೆ?" ಎಂದು ಡಾಕ್ಟರು ತಮಿಳಿನಲ್ಲಿ ಕೇಳಿದರು.

"ಏನೂ ಇಲ್ಲೀಂಗೋ ಡಾಕ್ಟರೇ. ಅವಳು ನಿಮಗಿಂತ ಕಟ್ಟುನಿಟ್ಟು."

"ಮುಂದಿನ ವಾರ ಮತ್ತೊಮ್ಮೆ ನೋಡೋಣ. ಆಗಲೂ ಹೀಗೇ ಇದ್ದರೆ ಇಡೀ ಮಾತ್ರೆ."

ಅವರ ಮುಖ ಸಪ್ಪಗಾಯಿತು. ಮುಂದಿನ ವಾರ ಇನ್ನೂರ ಇಪ್ಪತ್ತೊಂಬತ್ತು. ಡಾಕ್ಟರು ಮಾತ್ರೆಯ ಚೀಟಿ ಬರೆಯಲು ಪೆನ್ನು ತೆಗೆದರು. ದೊಡ್ಡಪ್ಪ ಎರಡೂ ಕೈ ಮುಗಿದು ಇನ್ನೊಂದೇ ವಾರ ಕೇಳಿದರು. ಮಗಳ ಮದುವೆಯಲ್ಲಿ ಹಣ ಸಾಲದೆ ಕೊಡಲಾಗದಿದ್ದ ಒಂದು ಸೀರೆಯನ್ನು ಈಗ ಅವಳ ಸೀಮಂತಕ್ಕೆ ತಮ್ಮ ಕೈಯಾರೆ ನೇಯುತ್ತಿದ್ದರು, ಮೈತುಂಬ ನವಿಲುಗಳು. "ಅರ್ಧ ನವಿಲು ಆಗಿದೆ ಡಾಕ್ಟರೇ. ಈಗ ಕೈ ನಡುಗಿದರೆ ಎಲ್ಲಾ ಕೋಳಿ ಆಗಿಬಿಡುತ್ತೆ." ಡಾಕ್ಟರು ನಕ್ಕು ಪೆನ್ನನ್ನು ಮುಚ್ಚಿದರು. "ಒಂದೇ ವಾರ," ಎಂದರು.

ನನ್ನ ಬಳಿ ಬಂದು ದೊಡ್ಡಪ್ಪ ದೂರಿದರು. "ನಿನ್ನ ಯಂತ್ರಕ್ಕೆ ಏನಾದ್ರೂ ಆಗಿದೆಯಾ ನೋಡು ಅಮ್ಮಣಿ. ನಾನು ನೀ ಹೇಳಿದಂಗೇ ನಡೀತಿದ್ದೀನಿ. ಏಳು ಗಂಟೆ ಸಂಗು ಕೂಗಿದರೆ ಮೊದಲ ತುತ್ತು ಬಾಯಲ್ಲಿ. ಒಂದು ನಿಮಿಷ ಆಕಡೆ ಈಕಡೆ ಇಲ್ಲ."

ಮಿಲ್ಲಿನ ಸೈರನ್ನಿಗೆ ನಮ್ಮ ಕಡೆ ಸಂಗು ಎನ್ನುತ್ತಾರೆ. ಅದು ಕೂಗಿದ್ದೇ ಊರಿಗೆ ಗಡಿಯಾರ. ಅವರ ಚೀಟಿಯಲ್ಲಿ ಎರಡು ವಾರವೂ 'ಮೊದಲ ತುತ್ತು ಏಳು ಗಂಟೆ' ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಒಂಬತ್ತಕ್ಕೆ ಸರಿಯಾಗಿ ಬೆಂಚಿನ ಮೇಲೆ ಇರುತ್ತಿದ್ದರು. ನನಗೆ ದೋಷ ಎಲ್ಲಿ ಹುಡುಕಬೇಕೋ ತಿಳಿಯಲಿಲ್ಲ. ಆ ವಾರ ದ್ರಾವಣವನ್ನು ಹೊಸದಾಗಿ ಮಾಡಿದೆ, ಗೊತ್ತಿರುವ ಸಕ್ಕರೆ ನೀರನ್ನು ಇಟ್ಟು ಯಂತ್ರವನ್ನು ಪರೀಕ್ಷಿಸಿದೆ. ಎಲ್ಲ ಸರಿಯಾಗಿತ್ತು.

ಮೂರನೆಯ ವಾರ ಅವರು ಆರು ನಲವತ್ತಕ್ಕೆ ರಕ್ತ ಕೊಟ್ಟು ಹೋದರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಬೆಂಚಿನ ಮೇಲೆ ಅವರ ಕನ್ನಡಕ. ಉಳಿದವರೆಲ್ಲ ಹೋಗಿದ್ದರು, ಡಾಕ್ಟರು ಬರುವುದು ಒಂಬತ್ತಕ್ಕೆ. ಕೋಣೆಗೆ ಬೀಗ ಹಾಕಿ ಕನ್ನಡಕ ಕೊಡಲು ಹೊರಟೆ. ನೇಕಾರರ ಬೀದಿ ಹತ್ತು ನಿಮಿಷದ ದಾರಿ.

ಬೀದಿಯ ಉದ್ದಕ್ಕೂ ಪಾವು ಹಾಸಿತ್ತು. ಪಾವು ಎಂದರೆ ಮಗ್ಗಕ್ಕೆ ಏರುವ ಮೊದಲಿನ ಹಾಸು ನೂಲು. ನೂರಾರು ಎಳೆ ಒಟ್ಟಿಗೆ, ಕೋಲುಗಳ ಮೇಲೆ ಬಿಗಿಯಾಗಿ ಎಳೆದು ನಿಲ್ಲಿಸಿರುತ್ತಾರೆ. ಬಿಸಿಲು ಏರುವ ಮೊದಲು ಅದಕ್ಕೆ ತೆಳು ಗಂಜಿ ಸವರಿ, ಕುಂಚದಿಂದ ತೀಡಿ, ಕಡಿದ ಎಳೆಗಳನ್ನು ಗಂಟು ಹಾಕಿ ಮುಗಿಸಬೇಕು. ಯಾರ ಪಾವಾದರೂ ಬೀದಿಯವರೆಲ್ಲ ಕೈ ಹಾಕುತ್ತಾರೆ. ನೋಡಿದರೆ ಅದರ ನಟ್ಟನಡುವೆ ದೊಡ್ಡಪ್ಪ. ಕಣ್ಣನ್ನು ಕಿರಿದು ಮಾಡಿಕೊಂಡು ಒಂದು ಎಳೆ ಹುಡುಕುತ್ತಿದ್ದರು. ನನ್ನ ಕೈಗಡಿಯಾರದಲ್ಲಿ ಏಳು ಇಪ್ಪತ್ತು.

"ಅಗೋ, ನನ್ನ ಕಣ್ಣು ನಡೆದುಕೊಂಡೇ ಬಂತು!" ಎಂದು ಕನ್ನಡಕ ತೆಗೆದುಕೊಂಡರು. "ಒಳಗೆ ಹೋಗು ಅಮ್ಮಣಿ, ದೊಡ್ಡಮ್ಮ ಇದ್ದಾಳೆ. ಕಾಪಿ ಕುಡಿ. ನಾನು ಇದೊಂದು ಮುಗಿಸಿ ಬರ್ತೀನಿ."

"ನಿಮ್ಮ ತಿಂಡಿ ಆಯಿತಾ?"

"ಓ, ಶುರು ಆಯ್ತಲ್ಲ!" ಎಂದು ಮತ್ತೆ ನೂಲಿಗೆ ಬಗ್ಗಿದರು.

ಒಳಗೆ ದೊಡ್ಡಮ್ಮ ಒಲೆಯ ಮುಂದಿದ್ದರು. ನಡುಮನೆಯಲ್ಲಿ ಮಣೆ ಹಾಕಿತ್ತು. ಅದರ ಮುಂದೆ ಒಂದು ತಟ್ಟೆ, ಮೇಲೆ ಇನ್ನೊಂದು ತಟ್ಟೆ ಮುಚ್ಚಿತ್ತು. ನಾನು ಕೇಳುವ ಮೊದಲೇ ದೊಡ್ಡಮ್ಮ ಮುಚ್ಚಳ ತೆಗೆದು ತೋರಿಸಿದರು. ಐದು ಇಡ್ಲಿ. ಒಂದರ ಅಂಚು ಮಾತ್ರ ಮುರಿದಿತ್ತು.

"ನೋಡು ಕಣ್ಣು, ಇದೇ ಇವರ ಪರೀಕ್ಷೆ," ಎಂದರು, ಆ ಕಡೆಯ ಮುದ್ದಿನ ಮಾತಿನಲ್ಲಿ ನನ್ನನ್ನು ಕರೆದು. "ಸಂಗು ಕೂಗೋದಕ್ಕೇ ಕೈ ಎತ್ತಿಕೊಂಡು ಕಾಯ್ತಾರೆ. ಕೂಗಿದ ತಕ್ಷಣ ಇಷ್ಟು ಬಾಯಿಗೆ ಇಟ್ಟುಕೊಂಡು ಓಟ. ಬಾಕಿದು ಎಂಟಕ್ಕೆ ಹತ್ತು ನಿಮಿಷ ಇರೋವಾಗ. ಹೋದ ವಾರನೂ ಹಿಂಗೇ, ಅದರ ಹಿಂದಿನ ವಾರನೂ ಹಿಂಗೇ. ಕೇಳಿದರೆ, ಅಮ್ಮಣಿ ಮೊದಲ ತುತ್ತಿಂದ ಲೆಕ್ಕ ಅಂದಿದ್ದಾಳೆ, ನಿನಗೇನು ಗೊತ್ತು ಅಂತ ನನ್ನ ಬಾಯಿ ಮುಚ್ಚಿಸ್ತಾರೆ."

ನಾನು ಆ ಮುರಿದ ಇಡ್ಲಿಯನ್ನೇ ನೋಡುತ್ತಾ ನಿಂತೆ. ಏಳಕ್ಕೆ ಒಂದು ಚೂರು. ಅಷ್ಟರಿಂದ ಸಕ್ಕರೆ ಏರುವುದೇನೂ ಇಲ್ಲ. ಏಳು ಐವತ್ತಕ್ಕೆ ನಿಜವಾದ ಊಟ. ಒಂಬತ್ತಕ್ಕೆ ರಕ್ತ. ಅಂದರೆ ನಾನು ಎರಡು ವಾರ ತೆಗೆದ ರಕ್ತ ಎರಡು ಗಂಟೆಯದ್ದಲ್ಲ, ಒಂದು ಗಂಟೆ ಹತ್ತು ನಿಮಿಷದ್ದು. ಗುಡ್ಡದ ಕೆಳಗೆ ನಿಂತು ನೋಡಬೇಕಾದ್ದನ್ನು ನೆತ್ತಿಯ ಮೇಲೆ ನಿಂತು ನೋಡಿ, ಎಷ್ಟು ಎತ್ತರ ಎಂದು ಗಾಬರಿಯಾಗಿದ್ದೆ. ಅಮಾವಾಸ್ಯೆಯಲ್ಲಿ ಪಾವೂ ಇರುತ್ತಿರಲಿಲ್ಲ, ಮಗ್ಗವೂ ಇರುತ್ತಿರಲಿಲ್ಲ. ಆ ದಿನ ಅವರು ಐದು ಇಡ್ಲಿಯನ್ನೂ ಒಟ್ಟಿಗೆ ಕುಳಿತು ತಿನ್ನುತ್ತಿದ್ದರು. ಅದಕ್ಕೇ ಆಗ ನೂರ ಐವತ್ತು.

ಆಮೇಲೆ ಇನ್ನೊಂದು ಹೊಳೆಯಿತು. "ಮಾತ್ರೆ ಯಾವಾಗ ತಗೊಂಡರು ದೊಡ್ಡಮ್ಮ?"

"ಅದು ರಕ್ತ ಕೊಟ್ಟು ಮನೆಗೆ ಬಂದ ತಕ್ಷಣ ಆಯಿತು. ಅದರಲ್ಲಿ ತಪ್ಪೋದೇ ಇಲ್ಲ."

ಮಾತ್ರೆ ಹೊಟ್ಟೆಯಲ್ಲಿ, ಊಟ ತಟ್ಟೆಯಲ್ಲಿ. ಸಕ್ಕರೆ ಇಳಿಸುವ ಮಾತ್ರೆ ನುಂಗಿ, ಒಂದು ಚೂರು ಇಡ್ಲಿಯ ಬಲದ ಮೇಲೆ ಬೀದಿಯಲ್ಲಿ ನಿಂತಿದ್ದಾರೆ. ಹೋದ ವರ್ಷದ ನಡುಕಕ್ಕೂ ಇಂಥದೇ ಕಾರಣವಿರಬಹುದೆ ಎಂಬ ಅನುಮಾನ ಬಂತು. ನಾನು ಹೊರಗೆ ಬಂದೆ. ಬೀದಿಯಲ್ಲಿ ದನಿ ಎತ್ತಿ ಕೂಗುವುದು ನನ್ನ ಸ್ವಭಾವವೇ ಅಲ್ಲ. ಅವತ್ತು ಕೂಗಿದೆ.

"ದೊಡ್ಡಪ್ಪ! ಮೊದಲು ಬಂದು ತಿನ್ನಿ!"

ಬೀದಿಯೇ ತಿರುಗಿ ನೋಡಿತು. ಕುಂಚ ಹಿಡಿದಿದ್ದ ಪಕ್ಕದ ಮನೆಯ ಅಕ್ಕ ನಕ್ಕರು. "ಹೋಗೀಂಗಣ್ಣಾ, ಮನೇಲಿ ಒಬ್ಬರು ಸಾಲದು ಅಂತ ಈಗ ಊಸಿ ಹಾಕೋ ಅಮ್ಮಣಿನೂ ಬಂದುಬಿಟ್ಟಳು!" ಸೂಜಿಗೆ ಅಲ್ಲಿ ಊಸಿ ಎನ್ನುತ್ತಾರೆ, ನಾನು ಆ ಬೀದಿಗೆಲ್ಲ ಊಸಿ ಅಮ್ಮಣಿ ಎಂದು ಅವತ್ತೇ ನನಗೆ ಗೊತ್ತಾದದ್ದು.

ಹಿಡಿದ ಎಳೆಯನ್ನು ಗಂಟು ಹಾಕದೆ ಅವರು ಬಿಡಲಿಲ್ಲ. ಕೈಕಾಲು ತೊಳೆದು ಬಂದು ಮಣೆಯ ಮೇಲೆ ಕುಳಿತಾಗ ಏಳು ನಲವತ್ತು. ನಾನು ಎದುರಿಗೆ ಕುಳಿತು ಆ ಹೊತ್ತನ್ನು ಅಂಗೈ ಮೇಲೆ ಬರೆದುಕೊಂಡೆ.

"ಏನು ತಪ್ಪು ಮಾಡಿದೆ ಹೇಳು," ಎಂದರು, ಇಡ್ಲಿ ಚಟ್ನಿಗೆ ಅದ್ದುತ್ತಾ. "ನೀ ಹೇಳಿದ್ದು ಮೊದಲ ತುತ್ತು ತಾನೆ? ಎರಡನೇ ತುತ್ತಿನ ಮಾತು ನಿನ್ನ ಚೀಟಿಯಲ್ಲಿ ಎಲ್ಲಿದೆ?"

ಇರಲಿಲ್ಲ. ನಿಜಕ್ಕೂ ಇರಲಿಲ್ಲ.

"ಎಂಟಕ್ಕೆ ತಿಂದರೆ ಹತ್ತು ಗಂಟೆವರೆಗೆ ನಿನ್ನ ಬೆಂಚು ಕಾಯಬೇಕು. ಮಗ್ಗ ಯಾರು ಹತ್ತುತ್ತಾರೆ? ಏಳಕ್ಕೆ ಒಂದು ತುತ್ತು ಹಾಕಿಬಿಟ್ಟರೆ ಒಂಬತ್ತಕ್ಕೆ ಬಿಡುಗಡೆ. ಅದಕ್ಕೇ ಈ ಮೂರು ವಾರನೂ ಪಾವಿನ ದಿನ ನೋಡಿ ಬಂದೆ. ಹೆಂಗೂ ಬೆಳಿಗ್ಗೆ ಹೊತ್ತು ಹೋಗುತ್ತಲ್ಲ, ಎರಡೂ ಒಂದೇ ದಿನ ಆಗಲಿ ಅಂತ."

"ದೊಡ್ಡಪ್ಪ, ಮೊದಲ ತುತ್ತು ಅಂದರೆ ಅದರ ಹಿಂದೆಯೇ ಉಳಿದದ್ದೂ ಬರುತ್ತೆ ಅಂತ. ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಊಟ ಮುಗೀಬೇಕು. ಹೊಟ್ಟೆಗೆ ಬಿದ್ದದ್ದು ಸಕ್ಕರೆ ಆಗಿ ಏರೋದಕ್ಕೆ ಒಂದು ಗಂಟೆ, ಒಂದೂಕಾಲು ಗಂಟೆ. ನೀವು ಸರಿಯಾಗಿ ಅದು ನೆತ್ತಿಗೆ ಏರಿದಾಗ ಬಂದು ಕೈ ಚಾಚಿದ್ದೀರಿ."

ಅವರು ಮೂರನೆಯ ಇಡ್ಲಿಯ ಮೇಲೆ ಕೈ ಇಟ್ಟು ಯೋಚಿಸಿದರು. "ಪಾವಿಗೆ ಗಂಜಿ ಹಚ್ಚೋ ಹಾಗೆ ಅನ್ನು. ಮೊದಲ ಕುಂಚ ಇಟ್ಟ ಹೊತ್ತಿಂದ ಒಣಗೋ ಲೆಕ್ಕ. ಆದರೆ ತುದಿಗೆ ಒಂದು ಗೇಣು ಸವರಿ, ಕುಂಚ ಕೆಳಗಿಟ್ಟು ಹೋಗಿ, ಒಂದು ಗಂಟೆ ಕಳೆದು ಬಂದು ಬಾಕಿದು ಸವರಿದರೆ..."

"ಆಗ?"

"ಮುಟ್ಟಿ ನೋಡಿದಾಗ ಒದ್ದೆ ಇರುತ್ತೆ. ಒಣಗಲಿಲ್ಲ, ನೂಲು ಸರಿಯಿಲ್ಲ ಅಂತ ಬೈತಾರೆ. ನೂಲಿನ ತಪ್ಪಲ್ಲ."

"ನೂಲಿನ ತಪ್ಪಲ್ಲ," ಎಂದೆ.

"ಇದನ್ನೇ ನಾನು ಎರಡು ವಾರದಿಂದ ಹೇಳ್ತಿದ್ದೆ," ಎಂದರು ದೊಡ್ಡಮ್ಮ. ಅವರು ಕೇಳಿದ್ದರು, ಇದನ್ನು ಹೇಳಿರಲಿಲ್ಲ. ದೊಡ್ಡಪ್ಪ ನಾಲ್ಕನೆಯ ಇಡ್ಲಿಗೆ ಕೈ ಹಾಕಿದರು.

ಅವತ್ತು ನಾನು ಎರಡು ಸಲ ರಕ್ತ ತೆಗೆಯುವೆನೆಂದೆ. ಒಂಬತ್ತಕ್ಕೆ, ಹಿಂದಿನ ವಾರಗಳ ಹಾಗೇ. ಆಮೇಲೆ ಒಂಬತ್ತು ನಲವತ್ತಕ್ಕೆ, ಅಂದರೆ ನಿಜವಾದ ಎರಡು ಗಂಟೆಗೆ. ಬರೀ ನನ್ನ ಮಾತನ್ನು ಡಾಕ್ಟರ ಮುಂದಿಡಲು ನನಗೆ ಮನಸ್ಸಿರಲಿಲ್ಲ. ಎರಡು ಅಂಕಿಗಳನ್ನು ಅಕ್ಕಪಕ್ಕ ಇಡಬೇಕಿತ್ತು.

"ಎರಡು ಊಸಿಯಾ? ತಪ್ಪು ನಿನ್ನ ಚೀಟಿದು, ಊಸಿ ನನಗಾ?" ಎಂದರು ದೊಡ್ಡಪ್ಪ. ಆದರೂ ಎರಡು ಸಲವೂ ತೋಳು ಕೊಟ್ಟರು. ಎರಡನೆಯ ಸಲ ಮುಖ ಆಕಡೆ ತಿರುಗಿಸಿಕೊಂಡು.

ಮನೆಗೆ ಹೋಗಿ ಬನ್ನಿ ಎಂದರೂ ಹೋಗಲಿಲ್ಲ. ಪರೀಕ್ಷೆ ಮುಗಿಯುವವರೆಗೆ ಕೋಣೆಯ ಬಾಗಿಲಲ್ಲೇ ನಿಂತರು, ಮೂಗಿಗೆ ಹೆಗಲ ಮೇಲಿನ ಟವೆಲು ಒತ್ತಿಕೊಂಡು. ಎರಡೂ ಕೊಳವೆಗಳನ್ನು ಕುದಿಯುವ ನೀರಿನಿಂದ ತೆಗೆದು, ತಣ್ಣಗೆ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದೆ. ಈ ಪರೀಕ್ಷೆಯಲ್ಲಿ ಸಕ್ಕರೆ ಇದ್ದಷ್ಟೂ ಹಸಿರು ದಟ್ಟವಾಗುತ್ತದೆ. ಯಂತ್ರದ ಮುಳ್ಳು ಅಳೆಯುವುದು ಅದನ್ನೇ.

"ಇರು ಇರು, ನಾನೇ ಹೇಳ್ತೀನಿ," ಎಂದು ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು. ಮೂವತ್ತು ವರ್ಷ ನೂಲಿನ ಬಣ್ಣ ಆರಿಸಿದ ಕಣ್ಣು. "ಇದು ಬಲಿತ ಮಾವಿನೆಲೆ. ಇದು ಎಳೆ ಬಾಳೆ ಎಲೆ. ಎಳೇದು ಯಾವುದು, ಎರಡನೇದಾ?"

"ಆಮಾ. ಎರಡು ಗಂಟೇದು."

"ಹಂಗಾದರೆ ನನ್ನ ನವಿಲು ಉಳೀತು."

ಯಂತ್ರ ಹೇಳಿದ್ದೂ ಅದನ್ನೇ: ಒಂಬತ್ತರದು ಇನ್ನೂರ ಹದಿನಾಲ್ಕು, ಒಂಬತ್ತು ನಲವತ್ತರದು ನೂರ ಅರವತ್ತೆರಡು. ಒಂದೇ ಮನುಷ್ಯ, ಒಂದೇ ಐದು ಇಡ್ಲಿ, ನಲವತ್ತು ನಿಮಿಷದ ಅಂತರ.

ಡಾಕ್ಟರ ಮುಂದೆ ನಾನು ಎರಡೂ ಅಂಕಿಗಳನ್ನೂ, ಮುರಿದ ಇಡ್ಲಿಯ ಸಂಗತಿಯನ್ನೂ ಹೇಳಿದೆ. ಹಿಂದಿನ ಎರಡು ವರದಿಗಳನ್ನು ಎರಡು ಗಂಟೆಯವೆಂದು ಬರೆದದ್ದು ತಪ್ಪು, ಚೀಟಿ ಅಪೂರ್ಣವಾಗಿತ್ತು ಎಂದೂ ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು, ಆಮೇಲೆ ದೊಡ್ಡಪ್ಪನನ್ನು.

"ಮಾತ್ರೆ ನುಂಗಿ ಒಂದು ಚೂರು ತಿಂದು ಬೀದಿಗೆ ಓಡುತ್ತೀಯಾ? ಸಕ್ಕರೆ ಏರಿ ನೀನು ನನ್ನ ಹತ್ತಿರ ಬರುವುದಕ್ಕೆ ಮೊದಲು, ಇಳಿದು ಪಾವಿನ ಮೇಲೆ ಬೀಳುತ್ತಿದ್ದೆ. ಇನ್ನು ಮೇಲೆ ತಟ್ಟೆ ಮುಂದೆ ಬಂದು, ಎದ್ದು ಹೋಗುವುದಿಲ್ಲ ಅಂತ ಖಾತ್ರಿಯಾದ ಮೇಲೇ ಮಾತ್ರೆ. ತಿಳಿಯಿತಾ?"

"ತಿಳೀತೂಂಗೋ. ಮಾತ್ರೆ ಎಷ್ಟು?"

"ಅರ್ಧವೇ. ಹೋಗು, ನವಿಲು ನೇಯಿ." ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ಪುಸ್ತಕ ಬರೆದವರು ಯಾರೂ ಪಾವು ಹಾಸುವ ಬೀದಿ ನೋಡಿರಲಿಲ್ಲ. ನೀನು ನೋಡಿದೆ. ಚೀಟಿ ತಿದ್ದು," ಎಂದರು.

ತಿದ್ದಿದೆ. ಮೊದಲ ತುತ್ತಿನ ಹೊತ್ತಿನ ಕೆಳಗೆ ಕೊನೆಯ ತುತ್ತಿನ ಹೊತ್ತಿಗೂ ಒಂದು ಗೆರೆ ಎಳೆದೆ. ನಡುವೆ ಏಳಬಾರದು, ಇಪ್ಪತ್ತು ನಿಮಿಷದೊಳಗೆ ಮುಗಿಸಬೇಕು, ಎದ್ದರೆ ಬಂದು ಹೇಳಬೇಕು ಎಂದು ಸೇರಿಸಿದೆ. ಎಣಿಕೆ ಮಾತ್ರ ಮೊದಲ ತುತ್ತಿನಿಂದಲೇ. ತೋಟದ ಮನೆಯ ಗೌಡತಿ ಆ ಗೆರೆ ನೋಡಿ, ಇನ್ನು ಮೊಮ್ಮಕ್ಕಳಿಗೆ ಯಾರು ತಿನ್ನಿಸುತ್ತಾರೆ ಎಂದು ಒಂದು ತಿಂಗಳು ನನ್ನ ಮೇಲೆ ಮುನಿಸಿಕೊಂಡಿದ್ದರು.

ಮುಂದಿನ ತಿಂಗಳು ದೊಡ್ಡಪ್ಪ ಅಮಾವಾಸ್ಯೆಗೆ ಕಾಯದೆ, ಬೇಕೆಂದೇ ಪಾವಿನ ದಿನವೇ ಬಂದರು. ಬೀದಿಯವರೆಲ್ಲ ಹೊರಗಿನಿಂದ ಕೂಗುತ್ತಿದ್ದಾಗ ಅವರು ಮಣೆ ಬಿಡದೆ, ಇನ್ನೂ ಎರಡು ಇದೆ, ಇನ್ನೂ ಒಂದು ಇದೆ ಎಂದು ಒಳಗಿನಿಂದಲೇ ಕೂಗಿ ಲೆಕ್ಕ ಕೊಟ್ಟರಂತೆ. ಒಂಬತ್ತಕ್ಕೆ ನನ್ನ ಬೆಂಚಿನ ಮೇಲೆ ಕುಳಿತು, ನಾಲ್ಕು ಮಡಿಕೆ ಮಾಡಿದ ಚೀಟಿಯನ್ನು ಅಂಗಿಯ ಜೇಬಿನಿಂದ ತೆಗೆದು ಕೊಟ್ಟರು. ಗುಂಡಗಿನ ತಮಿಳು ಅಕ್ಷರದಲ್ಲಿ ಬರೆದಿತ್ತು: ಮೊದಲ ತುತ್ತು ಏಳು ಗಂಟೆ. ಕೊನೆಯ ತುತ್ತು ಏಳೂಕಾಲು. ಅದರ ಕೆಳಗೆ, ನಾನು ಗೆರೆ ಎಳೆಯದಿದ್ದ ಜಾಗದಲ್ಲಿ: ಪಾವು ನನಗಾಗಿ ಕಾದಿತ್ತು.